ಷೇರು ಮಾರಾಟದ ಕರಾರು: ಶೆಡ್ಯೂಲ್‌ನಲ್ಲಿ ಹೇಳಿದ ಮೇಲೂ ಹೊಣೆ ನಮ್ಮದೇನಾ?

ಕಾಲುಪಾಲು

ನಮಸ್ಕಾರ. ನಾವು ಮೂವರು ಸೇರಿ ನಮ್ಮ ಕಂಪನಿಯ ಎಲ್ಲ ಷೇರುಗಳನ್ನೂ ಮಾರುತ್ತಿದ್ದೇವೆ. ಯಂತ್ರದ ಬಿಡಿಭಾಗ ಮಾಡುವ ಕಂಪನಿ. ನನ್ನ ಪಾಲು 25%, ಉಳಿದವರದು 60% ಮತ್ತು 15%. ನಿಜವಾದ ಬೆಲೆ ಹೇಳೋದು ಬೇಡ, ಒಟ್ಟು 100 ಅಂತ ಇಟ್ಟುಕೊಳ್ಳಿ.

ಕೊಳ್ಳುವವರ ವಕೀಲರು ಕಳಿಸಿದ ಡ್ರಾಫ್ಟ್ ಓದುತ್ತಿದ್ದೇನೆ. ಕಲಂ 7ರಲ್ಲಿ ವಾರಂಟಿಗಳಿವೆ, ಅಂದರೆ ಕಂಪನಿಯ ಬಗ್ಗೆ ನಾವು ಕೊಡುವ ಭರವಸೆಗಳು. ಶೆಡ್ಯೂಲ್‌ನಲ್ಲಿ, ಅಂದರೆ ಕರಾರಿಗೆ ಅಂಟಿಸಿದ ಪಟ್ಟಿಯಲ್ಲಿ, ನಾವು ಬಯಲು ಮಾಡಿದ ವಿಷಯಕ್ಕೆ ವಾರಂಟಿ ಕ್ಲೇಮ್ ಇಲ್ಲ ಅಂತ ಅಲ್ಲೇ ಬರೆದಿದ್ದಾರೆ. ಕಲಂ 9ರಲ್ಲಿ ಇಂಡೆಮ್ನಿಟಿ ಇದೆ, ಅಂದರೆ ನಷ್ಟ ತುಂಬಿಕೊಡುವ ವಾಗ್ದಾನ. ಕಲಂ 10ರಲ್ಲಿ ‘ವಾರಂಟಿ ಕ್ಲೇಮ್‌ಗಳಿಗೆ’ ಕ್ಯಾಪ್, ಅಂದರೆ ಹೊಣೆಯ ಗರಿಷ್ಠ ಮಿತಿ, 30 ಅಂತ ಇದೆ.

ನಮ್ಮ ಕಂಪನಿ ಮೇಲೆ ಒಂದು ತೆರಿಗೆ ತಕರಾರು ನಡೆಯುತ್ತಿದೆ. ಅದನ್ನು ಶೆಡ್ಯೂಲ್‌ನಲ್ಲಿ ಪೂರ್ತಿ ಹೇಳಿದ್ದೇವೆ. ಆದರೂ ಕಲಂ 9ರಲ್ಲಿ ಅದೇ ತಕರಾರಿನ ಹೆಸರು ಹಾಕಿ, ‘ಬಯಲು ಮಾಡಿದ್ದರೂ ಮಾಡದಿದ್ದರೂ’ ನಷ್ಟ ತುಂಬಿಕೊಡಬೇಕು ಅಂದಿದ್ದಾರೆ. ಹಾಗಿದ್ದರೆ ಶೆಡ್ಯೂಲ್‌ನಲ್ಲಿ ಬರೆದು ಏನು ಉಪಯೋಗ? 30ರ ಕ್ಯಾಪ್ ಇದಕ್ಕೂ ಬರುತ್ತದಾ? ಮುಂದಿನ ವಾರ ಸಹಿ ಇದೆ.

ನೇರಮಾತು

ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಗೊತ್ತಿದ್ದದ್ದನ್ನೆಲ್ಲ ಶೆಡ್ಯೂಲ್‌ಗೆ ಹಾಕಿ. ಕೊಳ್ಳುವವರಿಗೆ ತೋರಿಸಿದ ಕಾಗದಪತ್ರಗಳ ಇಡೀ ಡೇಟಾ ರೂಮ್ ಬಯಲು ಮಾಡಿದ್ದೇವೆ ಅಂತ ಒಂದು ಸಾಲು ಸೇರಿಸಿ. ಗೊತ್ತಿದ್ದೂ ಕೊಂಡವನು ಆಮೇಲೆ ದೂರುವ ಹಾಗಿಲ್ಲ. ಕ್ಯಾಪ್ ಅಂತೂ ಇದ್ದೇ ಇದೆ. 30ಕ್ಕಿಂತ ಜಾಸ್ತಿ ಯಾರೂ ಕೇಳೋಕೆ ಆಗಲ್ಲ.

ಕೊಳ್ಳುವಕಡೆ

ನಾನಾಗಿದ್ದರೆ 30ರ ಕ್ಯಾಪ್ ಒಪ್ಪುತ್ತಲೇ ಇರಲಿಲ್ಲ, ತೆರಿಗೆಗೆ ಕ್ಯಾಪೇ ಬೇಡ ಅನ್ನಿ. ಬೆಲೆಯಲ್ಲಿ ಕನಿಷ್ಠ 15 ಎಸ್ಕ್ರೋದಲ್ಲಿ, ಅಂದರೆ ಮೂರನೆಯವರ ಕೈಯಲ್ಲಿ, ಇಡಿಸಿಕೊಳ್ಳಿ. ಮಾರಿದವರು ದುಡ್ಡು ತಗೊಂಡು ಹೋದ ಮೇಲೆ ಕೈಗೆ ಸಿಗಲ್ಲ.

ಕಾಲುಪಾಲು

@ಕೊಳ್ಳುವಕಡೆ ಸರ್, ನಾನು ಮಾರುವವಳು.

ಕೊಳ್ಳುವಕಡೆ

ಓ, ಸರಿ ಸರಿ, ಬೇಗ ಓದಿಬಿಟ್ಟೆ. ನನ್ನ ಮಾತು ಬದಲಾಗಲ್ಲ, ದಿಕ್ಕು ಮಾತ್ರ ಬದಲು. ನಿಮ್ಮ ಎದುರಿಗೆ ಕೂತವರು ನಾನು ಹೇಳಿದ್ದನ್ನೇ ಕೇಳುತ್ತಾರೆ.

ಕರಾರುಓದುಗ

ಎರಡೂ ಕಡೆಯವರಿಗೆ ಇಂಥ ಕರಾರು ಮಾಡಿಕೊಟ್ಟಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಯಾವ ದೇಶದ ಕಾನೂನು ನಿಮ್ಮ ಕರಾರಿಗೆ ಅನ್ವಯ ಅನ್ನೋದರ ಮೇಲೆ ಸೂಕ್ಷ್ಮಗಳು ಬದಲಾಗುತ್ತವೆ. ಆದರೆ ನೀವು ಹಾಕಿದ ಸಾಲುಗಳ ಜೋಡಣೆ ಬಹುತೇಕ ಕಡೆ ಒಂದೇ ಥರ ಕೆಲಸ ಮಾಡುತ್ತದೆ.

@ನೇರಮಾತು ಹೇಳಿದ್ದು ವಾರಂಟಿಗೆ ಸರಿ. ‘ಕಂಪನಿ ಮೇಲೆ ತೆರಿಗೆ ತಕರಾರು ಇಲ್ಲ’ ಅನ್ನುವುದು ವಾರಂಟಿ. ‘ಇದೊಂದು ಬಿಟ್ಟು’ ಅಂತ ಶೆಡ್ಯೂಲ್‌ನಲ್ಲಿ ಹೇಳಿದರೆ ಮಾತು ಸುಳ್ಳಾಗಲಿಲ್ಲ, ಹಾಗಾಗಿ ಆ ದಾರಿಯಲ್ಲಿ ಕ್ಲೇಮ್ ಇಲ್ಲ. ಅಲ್ಲಿಗೆ ಶೆಡ್ಯೂಲ್ ತನ್ನ ಕೆಲಸ ಮಾಡಿತು.

ಇಂಡೆಮ್ನಿಟಿಗೆ ಯಾರ ಮಾತೂ ಸುಳ್ಳಾಗಬೇಕಿಲ್ಲ. ‘ಈ ತಕರಾರಿನಿಂದ ಎಷ್ಟು ಖರ್ಚು ಬಂದರೂ ನಾವು ಕೊಡುತ್ತೇವೆ’ ಅನ್ನುವ ನೇರ ವಾಗ್ದಾನ ಅದು. ನೀವು ತಕರಾರನ್ನು ಬಯಲು ಮಾಡಿದ್ದಕ್ಕೇ ಅದು ಕಲಂ 9ಕ್ಕೆ ಬಂದು ಕೂತಿದೆ. ಕೊಳ್ಳುವವರು ನಿಮ್ಮ ಶೆಡ್ಯೂಲ್ ಓದುತ್ತಾರೆ, ಬೆಲೆಗೆ ಪೆಟ್ಟು ಕೊಡಬಹುದಾದ ಒಂದೆರಡು ವಿಷಯ ಆರಿಸುತ್ತಾರೆ, ಅವನ್ನು ಇಂಡೆಮ್ನಿಟಿಗೆ ಸಾಗಿಸುತ್ತಾರೆ. ಇದರಲ್ಲಿ ಮೋಸ ಏನಿಲ್ಲ, ನಾನೂ ಕೊಳ್ಳುವವರ ಕಡೆ ಇದ್ದರೆ ಅದನ್ನೇ ಮಾಡುತ್ತೇನೆ.

ನಿಜವಾದ ಅಪಾಯ ಕಲಂ 10ರಲ್ಲಿದೆ. ‘ವಾರಂಟಿ ಕ್ಲೇಮ್’ ಅನ್ನೋದಕ್ಕೆ ಡ್ರಾಫ್ಟ್‌ನ ಮೊದಲ ಪುಟಗಳಲ್ಲಿ ಏನು ಅರ್ಥ ಕೊಟ್ಟಿದ್ದಾರೆ ನೋಡಿ. ‘ಕಲಂ 7ರ ಅಡಿಯ ಕ್ಲೇಮ್’ ಅಂತಿದ್ದರೆ 30ರ ಕ್ಯಾಪ್ ತೆರಿಗೆ ಇಂಡೆಮ್ನಿಟಿಯನ್ನು ಮುಟ್ಟುವುದೇ ಇಲ್ಲ. ವಾರಂಟಿ ಕ್ಲೇಮ್‌ಗೆ ಕಾಲಮಿತಿ ಇದ್ದರೆ ಅದೂ ಮುಟ್ಟುವುದಿಲ್ಲ. ಕ್ಯಾಪ್ ಕಲಂ ಓದುವಾಗ ಜನ ಸಂಖ್ಯೆ ನೋಡುತ್ತಾರೆ, ಅದು ಯಾವ ಕ್ಲೇಮ್‌ಗೆ ಅಂತ ನೋಡುವುದಿಲ್ಲ.

ಇನ್ನೊಂದು ಪ್ರಶ್ನೆ. ಮೂವರ ಹೊಣೆ ಒಟ್ಟಾಗಿಯೋ, ಅವರವರ ಪಾಲಿನಷ್ಟೋ?

ಕಾಲುಪಾಲು

ಈಗಷ್ಟೇ ನೋಡಿದೆ. ನೀವು ಹೇಳಿದ ಹಾಗೇ ಇದೆ, ‘ಕಲಂ 7ರ ಅಡಿಯ ಕ್ಲೇಮ್’. ಕಲಂ 9ರಲ್ಲಿ ಹೊಣೆ ‘ಒಟ್ಟಾಗಿ ಮತ್ತು ಪ್ರತ್ಯೇಕವಾಗಿ’ ಅಂತಿದೆ. ಅದು ಮಾಮೂಲಿ ಸಾಲು ಅಂದುಕೊಂಡಿದ್ದೆ.

ತೆರಿಗೆ ಬೇಡಿಕೆಯ ಮೂಲ ಮೊತ್ತ 6. ಬಡ್ಡಿ, ದಂಡ ಎಲ್ಲ ಸೇರಿದರೆ ಕೆಟ್ಟ ಸ್ಥಿತಿಯಲ್ಲಿ 14 ಆಗಬಹುದು ಅಂತ ನಮ್ಮ ಆಡಿಟರ್ ಅಂದಾಜು.

ಕರಾರುಓದುಗ

ಹಾಗಿದ್ದರೆ ಲೆಕ್ಕ ನೋಡಿ. ಮೂರು ವರ್ಷದ ನಂತರ 14ಕ್ಕೆ ಆದೇಶ ಬಂತು ಅಂದುಕೊಳ್ಳಿ. ಆಗ ಕೊಂಡವರು ಪೂರ್ತಿ 14 ನಿಮ್ಮೊಬ್ಬರಿಂದಲೇ ಕೇಳಬಹುದು. ನಿಮಗೆ ಬಂದಿದ್ದು 25. ನಿಮ್ಮ ಪಾಲಿನ ಲೆಕ್ಕದಲ್ಲಿ ಹೊಣೆ 3.5 ಮಾತ್ರ. ಉಳಿದ 10.5ಕ್ಕೆ ನೀವು ಇನ್ನಿಬ್ಬರ ಹಿಂದೆ ಹೋಗಬೇಕು, ಅವರ ಹತ್ತಿರ ಆಗ ದುಡ್ಡು ಇದ್ದರೆ ಸರಿ.

ಹಾಗಾಗಿ ಕೇಳಬೇಕಾದ್ದು ಇಂಡೆಮ್ನಿಟಿಯನ್ನೇ ತೆಗೆಯಿರಿ ಅಂತಲ್ಲ, ಅದು ಆಗುವ ಮಾತಲ್ಲ. ಅದಕ್ಕೆ ಗಡಿ ಹಾಕಿಸಿ. ಮೊದಲು, ಹೊಣೆ ಅವರವರ ಪಾಲಿನಷ್ಟು ಅಂತ ಮಾಡಿಸಿ. ಆಮೇಲೆ ಇದಕ್ಕೇ ಒಂದು ಪ್ರತ್ಯೇಕ ಕ್ಯಾಪ್, 14 ಆದರೂ ಪರವಾಗಿಲ್ಲ. ಕೊನೆಯಿಲ್ಲದ ಹೊಣೆಗಿಂತ ಗೊತ್ತಿರುವ 14 ಮೇಲು. ಇದೆಲ್ಲದರ ಮೇಲೆ, ಒಬ್ಬ ಮಾರುವವರ ಒಟ್ಟು ಹೊಣೆ, ಯಾವ ಕಲಂ ಅಡಿಯಲ್ಲೇ ಬರಲಿ, ಅವರಿಗೆ ಸಿಕ್ಕ ಬೆಲೆಯನ್ನು ದಾಟಬಾರದು ಅನ್ನುವ ಒಂದು ಸಾಲು.

ಮರೆತೇ ಹೋಗುವ ವಿಷಯ ಒಂದಿದೆ. ಕ್ಲೋಸಿಂಗ್ ಆಗಿ ಷೇರು ಕೈ ಬದಲಾದ ಮೇಲೆ ಆ ತಕರಾರನ್ನು ಯಾರು ನಡೆಸುತ್ತಾರೆ? ಕಂಪನಿ ಅವರ ಕೈಯಲ್ಲಿರುತ್ತದೆ, ವಕೀಲರನ್ನು ಅವರೇ ಹಿಡಿಯುತ್ತಾರೆ, ದುಡ್ಡು ಮಾತ್ರ ನಿಮ್ಮದು. ತೆರಿಗೆ ಅಧಿಕಾರಿಗಳ ಜೊತೆ ಜಗಳ ಮುಂದುವರಿಸಲು ಅವರಿಗೆ ಯಾವ ಆಸಕ್ತಿಯೂ ಇರುವುದಿಲ್ಲ. 10ಕ್ಕೆ ರಾಜಿ ಮಾಡಿಕೊಂಡು ಬಿಲ್ ನಿಮಗೆ ಕಳಿಸಬಹುದು. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ರಾಜಿ ಇಲ್ಲ, ಪ್ರತಿ ನೋಟಿಸ್‌ನ ಪ್ರತಿ ನಿಮಗೆ ಬರಬೇಕು, ಮೇಲ್ಮನವಿ ಗಡುವು ತಪ್ಪಿದರೆ ಇಂಡೆಮ್ನಿಟಿ ಇಲ್ಲ. ಈ ಮೂರನ್ನು ಬರೆಸಿಕೊಳ್ಳಿ.

ಲೆಕ್ಕದಮೇಜು

ಆಡಿಟ್ ಕೆಲಸ ನನ್ನದು. ಒಂದು ಪ್ರಶ್ನೆ ಕೇಳಬೇಕು ಅನ್ನಿಸಿತು. ನಿಮ್ಮ ಲೆಕ್ಕಪತ್ರದಲ್ಲಿ ಈ ತೆರಿಗೆಗೆ ಪ್ರಾವಿಷನ್ ಅಂತ ಮೊದಲೇ ಏನಾದರೂ ಮೊತ್ತ ತೆಗೆದಿಟ್ಟಿದ್ದೀರಾ? ಬೆಲೆ ನಿಗದಿ ಮಾಡುವಾಗ ಅದನ್ನು ಸಾಲದ ಹಾಗೆ ಕಳೆದಿದ್ದಾರಾ?

ಕಾಲುಪಾಲು

ಹೌದು, 2 ಇಟ್ಟಿದ್ದೇವೆ. ಬೆಲೆಯ ಲೆಕ್ಕದಲ್ಲಿ ಅದನ್ನು ಸಾಲದ ಪಟ್ಟಿಯಲ್ಲಿ ಹಾಕಿ ಕಳೆದಿದ್ದಾರೆ.

ಲೆಕ್ಕದಮೇಜು

ಅಂದರೆ ಆ 2 ನೀವು ಆಗಲೇ ಕೊಟ್ಟಾಗಿದೆ, ಬೆಲೆ ಅಷ್ಟು ಕಡಿಮೆ ಆಗಿದೆ ಅಲ್ವಾ. ಇಂಡೆಮ್ನಿಟಿಯಲ್ಲಿ ‘ಪೂರ್ತಿ ನಷ್ಟ’ ಅಂತಿದ್ದರೆ ಅದೇ 2 ಮತ್ತೆ ಕೊಡಬೇಕಾಗುತ್ತದೆ. 14 ಬಂದರೆ ನಿಮ್ಮ ಮೂವರ ಹೊಣೆ 12 ಆಗಬೇಕು, ನಿಮ್ಮದು 3. ಬೆಲೆ ಹೊಂದಾಣಿಕೆಯಲ್ಲಿ ಕಳೆದದ್ದನ್ನು ಮತ್ತೆ ಕ್ಲೇಮ್ ಮಾಡುವಂತಿಲ್ಲ ಅನ್ನುವ ಸಾಲು ಇಂಡೆಮ್ನಿಟಿಗೂ ಅನ್ವಯ ಆಗಬೇಕು. ಬಹಳ ಡ್ರಾಫ್ಟ್‌ಗಳಲ್ಲಿ ಅದೂ ವಾರಂಟಿ ಕ್ಲೇಮ್‌ಗೆ ಮಾತ್ರ ಇರುತ್ತದೆ.

ಹಾಗೇ ಸಣ್ಣ ಕ್ಲೇಮ್‌ಗಳ ಮಿತಿ ಎಷ್ಟಿದೆ?

ಕಾಲುಪಾಲು

ಒಂದೊಂದು ಕ್ಲೇಮ್ 0.1ಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ. ಒಟ್ಟು 1 ದಾಟಿದರೆ ಮಾತ್ರ ಕ್ಲೇಮ್. ಇದು ನಮಗೆ ಒಳ್ಳೆಯದೇ ಅಲ್ವಾ?

ಲೆಕ್ಕದಮೇಜು

ಒಳ್ಳೆಯದೇ, ಆದರೆ ಎರಡು ಪದ ನೋಡಬೇಕು. ಉದಾಹರಣೆಗೆ, ಓವರ್‌ಟೈಮ್ ಕೂಲಿ ತಪ್ಪಾಗಿ ಲೆಕ್ಕ ಹಾಕಿದ್ದು ಆಮೇಲೆ ಗೊತ್ತಾಯಿತು ಅಂದುಕೊಳ್ಳಿ. 15 ಜನರಿಗೆ ತಲಾ 0.08 ಬಾಕಿ. ಒಂದೊಂದೂ 0.1ರ ಕೆಳಗೆ, ಹಾಗಾಗಿ ಎಲ್ಲವೂ ಬಿದ್ದುಹೋಗುತ್ತದೆ. ಆದರೆ ‘ಒಂದೇ ಕಾರಣದಿಂದ ಬಂದ ಕ್ಲೇಮ್‌ಗಳನ್ನು ಕೂಡಿಸಬಹುದು’ ಅಂತ ಇದ್ದರೆ ಒಟ್ಟು 1.2, ಎರಡೂ ಮಿತಿ ದಾಟಿತು.

ದಾಟಿದ ಮೇಲೆ ಎಷ್ಟು ಕೊಡಬೇಕು? ‘ಮೀರಿದ ಭಾಗ ಮಾತ್ರ’ ಅಂತಿದ್ದರೆ 0.2. ‘ಪೂರ್ತಿ ಮೊತ್ತ’ ಅಂತಿದ್ದರೆ 1.2. ಒಂದು ಪದಕ್ಕೆ ಆರು ಪಟ್ಟು ವ್ಯತ್ಯಾಸ.

ಕಾಲುಪಾಲು

‘ಪೂರ್ತಿ ಮೊತ್ತ’ ಅಂತಲೇ ಇದೆ. ಕೂಡಿಸುವ ಮಾತೂ ಇದೆ. ಬರೆದುಕೊಂಡೆ.

ಹಳೆಮಾಲೀಕ

ನಾನೂ ಕಂಪನಿ ಮಾರಿದವನು. ಬೆಲೆಯ ಒಂದು ಭಾಗ 18 ತಿಂಗಳು ಎಸ್ಕ್ರೋದಲ್ಲಿತ್ತು. ಅವಧಿ ಮುಗಿಯಲು ಕೆಲವೇ ದಿನ ಇರುವಾಗ ಕೊಂಡವರಿಂದ ಪತ್ರ ಬಂತು. ‘ಹಲವು ವಾರಂಟಿಗಳು ಉಲ್ಲಂಘನೆ ಆಗಿರಬಹುದು, ಹಕ್ಕು ಕಾಯ್ದಿರಿಸಿಕೊಂಡಿದ್ದೇವೆ’ ಅಷ್ಟೇ. ಯಾವ ವಾರಂಟಿ, ಎಷ್ಟು ನಷ್ಟ, ಏನೂ ಇಲ್ಲ. ಆ ಒಂದು ಪತ್ರದಿಂದ ಪೂರ್ತಿ ಎಸ್ಕ್ರೋ ಹಿಡಿದಿಟ್ಟರು. ಯಾಕಂದರೆ ನಮ್ಮ ಕರಾರಿನಲ್ಲಿ ‘ಕ್ಲೇಮ್ ನೋಟಿಸ್ ಬಂದಿದ್ದರೆ ಬಿಡುಗಡೆ ಇಲ್ಲ’ ಅಂತ ಮಾತ್ರ ಇತ್ತು. ನೋಟಿಸ್‌ನಲ್ಲಿ ಏನಿರಬೇಕು ಅಂತ ಇರಲಿಲ್ಲ.

ಮೇಡಂ, ತೆರಿಗೆ ವಿಷಯ ನನಗೆ ಅಷ್ಟು ಗೊತ್ತಿಲ್ಲ. ನೋಟಿಸ್ ಕಲಂ ಮಾತ್ರ ದಯವಿಟ್ಟು ಓದಿ.

ಕರಾರುಓದುಗ

ಹಳೆಮಾಲೀಕರು ಹೇಳಿದ್ದು ಬಹಳ ಮುಖ್ಯ. ನೋಟಿಸ್‌ನಲ್ಲಿ ಏನಿರಬೇಕು ಅಂತ ಕರಾರಿನಲ್ಲೇ ಬರೆದಿದ್ದರೆ ಕೋರ್ಟ್‌ಗಳು ಅದನ್ನು ಗಟ್ಟಿಯಾಗಿ ಹಿಡಿಯುತ್ತವೆ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ 2018ರಲ್ಲಿ ಟಿಯೋಕೊ ಮತ್ತು ಏರ್‌ಕಾಮ್ ನಡುವಿನ ಪ್ರಕರಣ ಬಂತು. ಕೊಂಡವರ ಪತ್ರಗಳಲ್ಲಿ ತೆರಿಗೆ ಸಮಸ್ಯೆಯ ವಿವರ ಇತ್ತು, ಆದರೆ ಯಾವ ವಾರಂಟಿಯ ಅಡಿಯಲ್ಲಿ ಕೇಳುತ್ತಿದ್ದೇವೆ ಅಂತ ಬೊಟ್ಟು ಮಾಡಿ ಹೇಳಿರಲಿಲ್ಲ. ಅವರ ಕ್ಲೇಮ್ ಬಿದ್ದುಹೋಯಿತು.

ಹಾಗಾಗಿ ನೋಟಿಸ್‌ನಲ್ಲಿ ಕಲಂ ಸಂಖ್ಯೆ, ನಡೆದ ಸಂಗತಿ, ಅಂದಾಜು ಮೊತ್ತ ಮೂರೂ ಇರಬೇಕು ಅಂತ ಬರೆಸಿ. ಎಸ್ಕ್ರೋ ಇದ್ದರೆ ಆ ಅಂದಾಜು ಮೊತ್ತದಷ್ಟು ಮಾತ್ರ ಹಿಡಿದಿಡಬೇಕು, ಉಳಿದದ್ದು ಬಿಡುಗಡೆ ಆಗಬೇಕು. ನೋಟಿಸ್ ಕೊಟ್ಟು ಇಂತಿಷ್ಟು ತಿಂಗಳೊಳಗೆ ದಾವೆ ಹೂಡದಿದ್ದರೆ ಕ್ಲೇಮ್ ಸತ್ತಂತೆ.

ನೇರಮಾತು

ಸರಿ, ಇಂಡೆಮ್ನಿಟಿ ಬೇರೆ ಅಂತ ಒಪ್ಪಿದೆ. ಆದರೆ ಡೇಟಾ ರೂಮ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾ? ಎಷ್ಟೋ ಕಡೆ ಹಾಗೆ ಮಾಡುತ್ತಾರೆ.

ಕರಾರುಓದುಗ

ತಪ್ಪಲ್ಲ, ಕರಾರು ಹಾಗೆ ಹೇಳಿದರೆ ಮಾತ್ರ. ಕೆಲವು ಕರಾರುಗಳಲ್ಲಿ ಡೇಟಾ ರೂಮ್ ಪೂರ್ತಿ ಬಯಲಾದಂತೆ ಅಂತ ಇರುತ್ತದೆ. ಆದರೂ ‘ನ್ಯಾಯವಾಗಿ ಬಯಲು ಮಾಡಿದ’ ಅನ್ನುವ ಅಳತೆ ಬರುತ್ತದೆ. ಓದಿದವರಿಗೆ ವಿಷಯ ಏನು, ಎಷ್ಟು ದೊಡ್ಡದು ಅಂತ ತಿಳಿಯಬೇಕು. ಸಾವಿರ ಫೈಲ್ ನಡುವೆ ಒಂದು ಪತ್ರ ಇತ್ತು ಅಂದರೆ ಸಾಲದು. ಕಾಲುಪಾಲು ಅವರೇ, ನಿಮ್ಮ ಡ್ರಾಫ್ಟ್ ಏನು ಹೇಳುತ್ತದೆ? ಗಿರಾಕಿಗಳ ಒಪ್ಪಂದಗಳ ಬಗ್ಗೆ ಶೆಡ್ಯೂಲ್‌ನಲ್ಲಿ ಹೇಗೆ ಬರೆದಿದ್ದೀರಿ?

ಕಾಲುಪಾಲು

ಡೇಟಾ ರೂಮ್ ಮಾತು ಇಲ್ಲ, ಶೆಡ್ಯೂಲ್ ಮಾತ್ರ. ಗಿರಾಕಿಗಳ ಬಗ್ಗೆ ಹೀಗಿದೆ: ‘ಕೆಲವು ಗಿರಾಕಿ ಒಪ್ಪಂದಗಳಲ್ಲಿ ಮಾಲೀಕತ್ವ ಬದಲಾವಣೆಗೆ ಸಂಬಂಧಿಸಿದ ವಾಡಿಕೆಯ ನಿಬಂಧನೆಗಳಿವೆ.’ ಇದರಲ್ಲಿ ನಮ್ಮ ದೊಡ್ಡ ಗಿರಾಕಿಯೂ ಸೇರಿದ್ದಾರೆ. ನಮ್ಮ ಮಾರಾಟದಲ್ಲಿ 40% ಅವರದೇ.

ಕರಾರುಓದುಗ

ಆ ಸಾಲು ನಿಮ್ಮನ್ನು ಕಾಪಾಡುವುದಿಲ್ಲ. ಯಾವ ಗಿರಾಕಿ ಅಂತಲೂ ಗೊತ್ತಾಗಲ್ಲ, ಏನಾಗಬಹುದು ಅಂತಲೂ ಗೊತ್ತಾಗಲ್ಲ. ಹೀಗೆ ಬರೆಯಿರಿ: ‘ಇಂಥ ಗಿರಾಕಿಯ ಜೊತೆ ಇಂಥ ದಿನಾಂಕದ ಪೂರೈಕೆ ಒಪ್ಪಂದ. ಅದರ ಇಂಥ ಕಲಂ ಪ್ರಕಾರ ಕಂಪನಿಯ ಷೇರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈ ಬದಲಾದರೆ ಗಿರಾಕಿ ಇಷ್ಟು ದಿನದ ನೋಟಿಸ್ ಕೊಟ್ಟು ಒಪ್ಪಂದ ಮುಗಿಸಬಹುದು. ಕಳೆದ ಲೆಕ್ಕ ವರ್ಷದ ಮಾರಾಟದಲ್ಲಿ ಈ ಗಿರಾಕಿಯ ಪಾಲು 40%. ಒಪ್ಪಿಗೆ ಇನ್ನೂ ಕೇಳಿಲ್ಲ.’ ಜೊತೆಗೆ ಒಪ್ಪಂದದ ಪ್ರತಿ ಲಗತ್ತಿಸಿ. ಈ ವಿವರ ಯಾವೆಲ್ಲ ವಾರಂಟಿಗೆ ತಾಗುತ್ತದೋ ಎಲ್ಲದಕ್ಕೂ ಅನ್ವಯ ಅಂತ ಒಂದು ಸಾಲು ಇರಲಿ. ಇಲ್ಲದಿದ್ದರೆ ಒಪ್ಪಂದಗಳ ವಾರಂಟಿಗೆ ಹೇಳಿದ್ದೀರಿ, ಆದಾಯದ ವಾರಂಟಿಗೆ ಹೇಳಿಲ್ಲ ಅಂತ ವಾದ ಬರುತ್ತದೆ.

ಇಷ್ಟು ಬಿಚ್ಚಿ ಬರೆದರೆ ಕೊಳ್ಳುವವರು ಹೆದರುತ್ತಾರೆ ಅಂತ ಮಾರುವವರು ಹಿಂಜರಿಯುತ್ತಾರೆ. ಆದರೆ ಸಹಿಗೆ ಮೊದಲು ಹೆದರಿದರೆ ಮಾತುಕತೆ ಆಗುತ್ತದೆ, ಕ್ಲೋಸಿಂಗ್ ಆದ ಮೇಲೆ ಗೊತ್ತಾದರೆ ದಾವೆ ಆಗುತ್ತದೆ.

ಕೊಳ್ಳುವಕಡೆ

ನಾನು ಕೊಳ್ಳುವವನಾದರೆ ಬರೀ ಬಯಲು ಮಾಡಿದ್ದು ಸಾಲದು. 40% ಮಾರಾಟ ಹೋದರೆ ನನಗೆ ಆ ಕಂಪನಿಯೇ ಬೇಡ. ಆ ಗಿರಾಕಿಯ ಒಪ್ಪಿಗೆ ಪತ್ರ ಬರುವವರೆಗೆ ಕ್ಲೋಸಿಂಗ್ ಇಲ್ಲ ಅಂತ ಷರತ್ತು ಹಾಕುತ್ತೇನೆ.

ಕಾಲುಪಾಲು

ಹಾಕಿದ್ದಾರೆ. ‘ಕೊಳ್ಳುವವರಿಗೆ ತೃಪ್ತಿಯಾಗುವ ರೀತಿಯಲ್ಲಿ’ ಗಿರಾಕಿಯ ಒಪ್ಪಿಗೆ ಸಿಗಬೇಕು. ಕೊನೆ ದಿನ ಸಹಿಯಿಂದ 60 ದಿನ.

ಕರಾರುಓದುಗ

ಷರತ್ತು ಇರುವುದು ನ್ಯಾಯ, ‘ತೃಪ್ತಿ’ ಅನ್ನೋದು ತೊಂದರೆ. ಗಿರಾಕಿ ಒಪ್ಪಿಗೆ ಕೊಟ್ಟರೂ ‘ನನಗೆ ತೃಪ್ತಿ ಇಲ್ಲ’ ಅಂತ ಕೊಳ್ಳುವವರು ಎದ್ದು ಹೋಗಬಹುದು. ಆ 60 ದಿನ ನೀವು ಬೇರೆಯವರಿಗೆ ಮಾರುವಂತಿಲ್ಲ, ಅವರು ಮಾತ್ರ ಬೇಕಾದರೆ ಕೊಳ್ಳಬಹುದು, ಬೇಡದಿದ್ದರೆ ಬಿಡಬಹುದು. ಒಪ್ಪಿಗೆ ಪತ್ರದ ನಮೂನೆಯನ್ನೇ ಕರಾರಿಗೆ ಅಂಟಿಸಿ. ‘ಈ ನಮೂನೆಯಲ್ಲಿ, ಅಥವಾ ಸಾರದಲ್ಲಿ ಇದೇ ಇರುವ ಪತ್ರ’ ಅಂದರೆ ಜಗಳಕ್ಕೆ ಜಾಗ ಕಡಿಮೆ. ಗಿರಾಕಿ ಬೆಲೆ ಇಳಿಸಿದರೆ ಒಪ್ಪುತ್ತೇನೆ ಅಂದರೆ ಏನು ಅಂತಲೂ ಈಗಲೇ ತೀರ್ಮಾನಿಸಿ, ಅದು ಆಗಾಗ ಆಗುತ್ತದೆ.

ಇದರ ಜೊತೆ ಇನ್ನೊಂದನ್ನು ನೋಡಿ. ವಾರಂಟಿಗಳನ್ನು ಕ್ಲೋಸಿಂಗ್ ದಿನ ಮತ್ತೆ ಹೇಳಬೇಕಾ? ಶೆಡ್ಯೂಲ್‌ಗೆ ನಡುವೆ ಸೇರಿಸಲು ಅವಕಾಶ ಇದೆಯಾ?

ಕಾಲುಪಾಲು

ಮತ್ತೆ ಹೇಳಬೇಕು. ಶೆಡ್ಯೂಲ್ ಬದಲಿಸುವಂತಿಲ್ಲ ಅಂತ ಸ್ಪಷ್ಟವಾಗಿ ಇದೆ.

ಕರಾರುಓದುಗ

ಹಾಗಾದರೆ ಸಹಿ ಆದ 20ನೇ ದಿನ ಇನ್ನೊಬ್ಬ ಗಿರಾಕಿ ತಾನಾಗಿಯೇ ಬಿಟ್ಟು ಹೋದರು ಅಂದುಕೊಳ್ಳಿ. ಸಹಿ ದಿನ ‘ಯಾವ ಗಿರಾಕಿಯೂ ನೋಟಿಸ್ ಕೊಟ್ಟಿಲ್ಲ’ ಅಂದದ್ದು ನಿಜ. ಕ್ಲೋಸಿಂಗ್ ದಿನ ಅದೇ ಮಾತು ಸುಳ್ಳು. ನಿಮ್ಮ ತಪ್ಪಿಲ್ಲ, ಆದರೂ ಉಲ್ಲಂಘನೆ. ಅವರು ಕೊಂಡು, ಮಾರನೇ ದಿನ ಕ್ಲೇಮ್ ಹಾಕಬಹುದು.

ಸಹಿ ಆದ ಮೇಲೆ ಹುಟ್ಟಿದ ವಿಷಯಕ್ಕೆ ಮಾತ್ರ ಶೆಡ್ಯೂಲ್‌ಗೆ ಸೇರಿಸಲು ಅವಕಾಶ ಕೇಳಿ. ಸೇರಿಸಿದ್ದು ದೊಡ್ಡದಾದರೆ ಅವರು ಬಿಟ್ಟು ಹೋಗಲಿ. ಆದರೆ ಗೊತ್ತಿದ್ದೂ ಕ್ಲೋಸ್ ಮಾಡಿದರೆ ಅದರ ಮೇಲೆ ಕ್ಲೇಮ್ ಇಲ್ಲ.

ಕೊಳ್ಳುವಕಡೆ

ಇದನ್ನು ನಾನು ಒಪ್ಪಲ್ಲ ಸರ್. ಆ ಹೊತ್ತಿಗೆ ನಾನು ಬ್ಯಾಂಕ್ ಸಾಲ ಎತ್ತಿರುತ್ತೇನೆ, ವಕೀಲರಿಗೆ ದುಡ್ಡು ಸುರಿದಿರುತ್ತೇನೆ. ಬೆಲೆ ನಿಗದಿ ಆದದ್ದು ಆ ಗಿರಾಕಿ ಇದ್ದಾಗ. ‘ಬೇಕಾದರೆ ಬಿಟ್ಟು ಹೋಗು, ಇಲ್ಲ ನಷ್ಟ ನುಂಗು’ ಅಂದರೆ ಅದು ಆಯ್ಕೆಯೇ ಅಲ್ಲ. ಕ್ಲೋಸಿಂಗ್‌ವರೆಗೆ ಲಾಭ ತಿನ್ನುವವರು ಮಾರುವವರು, ನಷ್ಟವೂ ಅವರದೇ ಆಗಬೇಕು.

ಕರಾರುಓದುಗ

ಲಾಭ ಅವರದೇ ಅನ್ನೋದು ಬೆಲೆ ಹೇಗೆ ಕಟ್ಟಿದ್ದೀರಿ ಅನ್ನೋದರ ಮೇಲೆ ಇದೆ. ಹಿಂದಿನ ಒಂದು ದಿನದ ಲೆಕ್ಕಪತ್ರಕ್ಕೆ ಬೆಲೆ ಬೀಗ ಹಾಕಿದ್ದರೆ ಆ ದಿನದಿಂದ ಲಾಭ ನಷ್ಟ ಎರಡೂ ಕೊಳ್ಳುವವರದು. ಆಗ ನಿಮ್ಮ ವಾದ ನಿಲ್ಲಲ್ಲ. ಕ್ಲೋಸಿಂಗ್ ದಿನದ ಲೆಕ್ಕದ ಮೇಲೆ ಬೆಲೆ ಸರಿಪಡಿಸುವುದಾದರೆ ನಿಮ್ಮ ಮಾತಿಗೆ ತೂಕ ಇದೆ.

ಕೊಳ್ಳುವಕಡೆ

ತೂಕ ಇದೆ ಅಂತ ಒಪ್ಪಿದ್ದು ಸಂತೋಷ. ಬೀಗ ಹಾಕಿದ ಬೆಲೆಯಲ್ಲೂ ನಾನು ವಾರಂಟಿ ಮತ್ತೆ ಹೇಳಿಸಿಕೊಳ್ಳುತ್ತೇನೆ. ಕಂಪನಿ ನಡೆಸುತ್ತಿರುವವರು ಇನ್ನೂ ಅವರೇ.

ಲೆಕ್ಕದಮೇಜು

ಮಧ್ಯದ ದಾರಿ ನೋಡಿದ್ದೇನೆ. ಷೇರಿನ ಹಕ್ಕು, ಸಹಿ ಮಾಡುವ ಅಧಿಕಾರ ಇಂಥ ಮೂಲ ವಾರಂಟಿಗಳನ್ನು ಮಾತ್ರ ಕ್ಲೋಸಿಂಗ್ ದಿನ ಮತ್ತೆ ಹೇಳುತ್ತಾರೆ. ವ್ಯವಹಾರದ ವಾರಂಟಿಗಳು ಸಹಿ ದಿನಕ್ಕೆ ನಿಲ್ಲುತ್ತವೆ. ನಡುವಿನ ಅವಧಿಗೆ ‘ಇಂಥದ್ದು ಮಾಡುವಂತಿಲ್ಲ’ ಅನ್ನುವ ಪಟ್ಟಿ ಇರುತ್ತದೆ. ದೊಡ್ಡ ಸಾಲ, ಆಸ್ತಿ ಮಾರಾಟ, ಸಂಬಳ ಏರಿಕೆ ಹೀಗೆ. ಎಲ್ಲ ಕೊಳ್ಳುವವರೂ ಒಪ್ಪುವುದಿಲ್ಲ.

ನೇರಮಾತು

ಒಂದು ಅನುಮಾನ. ಕ್ಯಾಪ್ ಇಷ್ಟು ಗಟ್ಟಿ ಮಾಡಿದ ಮೇಲೆ ಸಣ್ಣಪುಟ್ಟದ್ದು ಶೆಡ್ಯೂಲ್‌ನಲ್ಲಿ ಹೇಳದೆ ಬಿಟ್ಟರೂ ನಷ್ಟ 30ರ ಒಳಗೇ ಅಲ್ವಾ?

ಕರಾರುಓದುಗ

ಗೊತ್ತಿದ್ದೂ ಬಿಟ್ಟರೆ ಅಲ್ಲ. ಸಾಮಾನ್ಯವಾಗಿ ಕರಾರಿನಲ್ಲೇ ವಂಚನೆಗೆ ಕ್ಯಾಪ್ ಇಲ್ಲ ಅಂತ ಇರುತ್ತದೆ. ಇಲ್ಲದಿದ್ದರೂ ಕೋರ್ಟ್ ಸುಮ್ನೆ ಕೂರುವುದಿಲ್ಲ. ಅಮೆರಿಕದ ಡೆಲವೇರ್ ಕೋರ್ಟ್ 2006ರಲ್ಲಿ ಆಬ್ರಿ ಪಾರ್ಟ್‌ನರ್ಸ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಮಾರುವವರು ಕರಾರಿನೊಳಗೆ ಬೇಕೆಂದೇ ಸುಳ್ಳು ಹೇಳಿದ್ದರೆ ಕ್ಯಾಪ್ ಅವರನ್ನು ಕಾಯುವುದಿಲ್ಲ.

ಮೂವರು ಮಾರುವಾಗ ಇಲ್ಲಿ ಇನ್ನೊಂದು ತೊಡಕಿದೆ. ಒಬ್ಬರು ಮುಚ್ಚಿಟ್ಟರೆ ಉಳಿದಿಬ್ಬರ ಕ್ಯಾಪ್ ಹೋಗಬಾರದು. ‘ವಂಚಿಸಿದ ಮಾರಾಟಗಾರರಿಗೆ ಮಾತ್ರ ಕ್ಯಾಪ್ ಇಲ್ಲ’ ಅಂತ ಬರೆಸಿ. ಕಂಪನಿಯ ದಿನನಿತ್ಯದ ಕೆಲಸ ಯಾರು ನೋಡಿಕೊಳ್ಳುತ್ತಾರೆ?

ಕಾಲುಪಾಲು

60% ಇರುವವರು. ನಾನು ಕಳೆದ ಕೆಲವು ವರ್ಷಗಳಿಂದ ಆಫೀಸಿಗೇ ಹೋಗುತ್ತಿಲ್ಲ. ‘ಮಾರುವವರಿಗೆ ತಿಳಿದ ಮಟ್ಟಿಗೆ’ ಅಂತ ಕೆಲವು ವಾರಂಟಿಗಳಲ್ಲಿದೆ, ಆದರೆ ಒಬ್ಬರಿಗೆ ತಿಳಿದದ್ದು ಮೂವರಿಗೂ ತಿಳಿದಂತೆ ಅಂತ ಅರ್ಥ ಕೊಟ್ಟಿದ್ದಾರೆ. ಈಗ ಅದರ ತೂಕ ಗೊತ್ತಾಗುತ್ತಿದೆ.

ಕರಾರುಓದುಗ

ಹಾಗಿದ್ದರೆ ನೀವು ಮೂವರಿಗೂ ಒಬ್ಬರೇ ವಕೀಲರು ಇದ್ದರೆ ನಿಮಗೆ ಬೇರೆ ವಕೀಲರು ಬೇಕು. 60% ಅವರಿಗೆ ‘ಒಟ್ಟಾಗಿ ಮತ್ತು ಪ್ರತ್ಯೇಕವಾಗಿ’ ಅನ್ನೋದು ಅನುಕೂಲ, ಅವರ ಹೊಣೆ ನಿಮ್ಮ ಮೇಲೂ ಹರಡುತ್ತದೆ. ಇಲ್ಲಿ ನಿಮ್ಮ ಹಿತ, ಅವರ ಹಿತ ಒಂದೇ ಅಲ್ಲ.

ಕಾಲುಪಾಲು

ಇವತ್ತು ಮಾತಾಡಿ ಬಂದೆ. ಕೊಳ್ಳುವವರ ವಕೀಲರು ವಾರಂಟಿಗಳಿಗೆ ಅವರವರ ಪಾಲಿನ ಹೊಣೆ ಒಪ್ಪಿದ್ದಾರೆ. ತೆರಿಗೆಗೆ ಒಪ್ಪುತ್ತಿಲ್ಲ. ಬದಲಿಗೆ 12 ಎಸ್ಕ್ರೋದಲ್ಲಿಟ್ಟರೆ, ಮೊದಲು ಅಲ್ಲಿಂದ ತಗೊಂಡು ಸಾಲದಿದ್ದರೆ ಮಾತ್ರ ನಮ್ಮ ಹತ್ತಿರ ಬರುತ್ತೇವೆ ಅಂದಿದ್ದಾರೆ. ಪ್ರಾವಿಷನ್ 2 ಕಳೆಯಲು ತಕರಾರಿಲ್ಲ. ರಾಜಿಗೆ ನಮ್ಮ ಒಪ್ಪಿಗೆಯ ಬದಲು ‘ಸಮಾಲೋಚನೆ’ ಸಾಕು ಅನ್ನುತ್ತಿದ್ದಾರೆ. ಶೆಡ್ಯೂಲ್ ಬದಲಾವಣೆ ಬಗ್ಗೆ ಇಬ್ಬರೂ ಹಿಡಿದ ಪಟ್ಟು ಬಿಟ್ಟಿಲ್ಲ. ಸಹಿ ಮುಂದಕ್ಕೆ ಹೋಗಿದೆ.

ಲೆಕ್ಕದಮೇಜು

12 ಎಸ್ಕ್ರೋಗೆ ಮೂವರೂ ಪಾಲಿನ ಪ್ರಕಾರ ಹಾಕುವುದಾದರೆ ಒಳ್ಳೆಯದು. ನಿಮ್ಮ ಅಂದಾಜಿನ ಕೆಟ್ಟ ಸ್ಥಿತಿ ಪೂರ್ತಿ ಅಲ್ಲೇ ಮುಗಿಯುತ್ತದೆ, ನಿಮ್ಮದು 3 ಹೋಗಬಹುದು ಅಷ್ಟೇ. ಎಸ್ಕ್ರೋ ಮೀರಿ ಹೊಣೆಯೇ ಇಲ್ಲ ಅಂತ ಒಂದು ಸಾಲು ಸಿಕ್ಕರೆ ಜಂಟಿ ಹೊಣೆಯ ಜಗಳ ತಾನಾಗಿ ಸಾಯುತ್ತದೆ.

ಕರಾರುಓದುಗ

ನಾನೂ ಅದನ್ನೇ ಕೇಳುತ್ತಿದ್ದೆ. ‘ಸಮಾಲೋಚನೆ’ಗೆ ಮಾತ್ರ ಒಪ್ಪಬೇಡಿ. ಎಸ್ಕ್ರೋದಲ್ಲಿ ದುಡ್ಡು ರೆಡಿ ಇದ್ದಾಗ ಬೇಗ ರಾಜಿ ಮಾಡಿಕೊಳ್ಳುವ ಆಸೆ ಇನ್ನೂ ಜಾಸ್ತಿ. ಒಪ್ಪಿಗೆ ಸಿಗದಿದ್ದರೆ ಇಬ್ಬರೂ ಒಪ್ಪುವ ಒಬ್ಬ ಹಿರಿಯ ತೆರಿಗೆ ವಕೀಲರ ಲಿಖಿತ ಅಭಿಪ್ರಾಯ, ‘ಮೇಲ್ಮನವಿ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ’ ಅಂದರೆ ರಾಜಿ ಇಲ್ಲ ಅಂತ ಇಡಿ. ಕೊಳ್ಳುವವರು ಸಾಮಾನ್ಯವಾಗಿ ಅದಕ್ಕೆ ಇಳಿದು ಬರುತ್ತಾರೆ.

ಕೊಳ್ಳುವಕಡೆ

ಅದಕ್ಕೆ ನಾನೂ ಒಪ್ಪುತ್ತೇನೆ, ಆ ವಕೀಲರ ಫೀಸು ಮಾರುವವರು ಕೊಡುವುದಾದರೆ.

ಹಳೆಮಾಲೀಕ

ಮೇಡಂ, ನೋಟಿಸ್ ಕಲಂ ಏನಾಯಿತು?

ಕಾಲುಪಾಲು

ಅದು ಒಪ್ಪಿದ್ದಾರೆ ಸರ್. ಕಲಂ ಸಂಖ್ಯೆ, ಸಂಗತಿ, ಮೊತ್ತ ಮೂರೂ ಇರಬೇಕು, ಎಸ್ಕ್ರೋ ಅಷ್ಟು ಮಾತ್ರ ಹಿಡಿಯಬೇಕು. ದಾವೆಯ ಗಡುವು ನಾನು 6 ತಿಂಗಳು ಕೇಳಿದೆ, ಅವರು 12 ಅನ್ನುತ್ತಿದ್ದಾರೆ.